ಹೆಲ್ಮೆಟ್ ಪ್ರಶ್ನೆಗೆ ಉತ್ತರ 100, 500, 1000: ಯಾವುದಕ್ಕೆ ಗುರುತು ಹಾಕಬೇಕು?

ಅಘನಾಶಿನಿ ದಡದವಳು (ಕುಮಟಾ)

ಬರುವ ಗುರುವಾರ ನನ್ನ ಎಲ್‌ಎಲ್‌ಆರ್ ಪರೀಕ್ಷೆ. ಹೊನ್ನಾವರಕ್ಕೆ ಹೋಗಿ ಬರೆಯಬೇಕು. ಫಲಕಗಳ ಚಿತ್ರಗಳೆಲ್ಲ ಬಾಯಿಪಾಠವಾಗಿವೆ, ತಲೆ ಕೆಟ್ಟಿರುವುದು ದಂಡದ ಪ್ರಶ್ನೆಗಳಲ್ಲಿ. ಅಣ್ಣ ಕೊಟ್ಟ ಹಳೆಯ ಪುಸ್ತಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 100 ರೂಪಾಯಿ ಎಂದಿದೆ. ಅದೇ ಅಣ್ಣ ಹೋದ ತಿಂಗಳು ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು 500 ಕಟ್ಟಿ ಬಂದ, ರಸೀದಿ ಟಿವಿಯ ಮೇಲೆ ಇನ್ನೂ ಬಿದ್ದಿದೆ. ಮೊಬೈಲಿನಲ್ಲಿ ಇಳಿಸಿಕೊಂಡ ಅಭ್ಯಾಸ ಪ್ರಶ್ನೆಗಳಲ್ಲಿ 1000 ರೂಪಾಯಿ ಮತ್ತು ಮೂರು ತಿಂಗಳು ಲೈಸೆನ್ಸ್ ಅಮಾನತು ಎಂದಿದೆ. ಸಾಲದ್ದಕ್ಕೆ ಅದರಲ್ಲೇ ಇನ್ನೊಂದು ಪ್ರಶ್ನೆ: ‘ಎಷ್ಟು ಪಾಯಿಂಟ್ ಆದರೆ ಲೈಸೆನ್ಸ್ ಹೋಗುತ್ತದೆ?’ ಉತ್ತರ 12 ಅಂತೆ. ಅಣ್ಣನನ್ನು ಕೇಳಿದರೆ ಪಾಯಿಂಟ್ ಎಂದರೆ ಏನೆಂದೇ ಅವನಿಗೆ ಗೊತ್ತಿಲ್ಲ. ತಿಳಿದವರು ಹೇಳಿ, ಯಾವುದನ್ನು ನಂಬಲಿ?

ಗೇರ್ ಮಾಸ್ತರ (ಕಾರವಾರ)

ಮೊದಲು ಅಣ್ಣನ ಪುಸ್ತಕವನ್ನು ಒಲೆಗೆ ಹಾಕಿ ತಂಗಿ. ಇಪ್ಪತ್ತು ವರ್ಷಗಳಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ, ಇಂಥ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಯಲ್ಲಿ ಇನ್ನೂ ನೇತಾಡುತ್ತವೆ. ಪುಸ್ತಕ ಹಳತೋ ಹೊಸತೋ ಎಂದು ತಿಳಿಯಲು ಮುಖಪುಟದ ಇಸವಿಯನ್ನು ನಂಬಬೇಡಿ, ಹೊಸ ರಟ್ಟು ಹಾಕಿ ಹಳೆಯ ಸರಕನ್ನೇ ಮಾರುತ್ತಾರೆ. ಕುಡಿದು ಓಡಿಸುವ ಪ್ರಶ್ನೆಯ ಪುಟ ತೆರೆಯಿರಿ. ಮೊದಲ ಸಲದ ತಪ್ಪಿಗೆ 2000 ಎಂದಿದ್ದರೆ ಅದು 2019ರ ಸೆಪ್ಟೆಂಬರ್‌ಗಿಂತ ಹಿಂದಿನದು. 10000 ಎಂದಿದ್ದರೆ ತಿದ್ದುಪಡಿ ಆದ ಮೇಲಿನದು. ಆ ಒಂದು ಸಾಲು ನೋಡಿದರೆ ಉಳಿದದ್ದು ಎಷ್ಟು ನಂಬಬಹುದು ಎಂದು ಗೊತ್ತಾಗುತ್ತದೆ.

ಎರಡನೆಯದು, ದಂಡದ ಮೊತ್ತ ಕೇಳುವ ಪ್ರಶ್ನೆಗಳು ಎಲ್‌ಎಲ್‌ಆರ್‌ನಲ್ಲಿ ಕಡಿಮೆ. ನೂರಕ್ಕೆ ಅರವತ್ತು ಸರಿಯಾದರೆ ಪಾಸು. ಫಲಕ, ದಾರಿ ಬಿಡುವ ನಿಯಮ, ರೈಲ್ವೆ ಗೇಟು, ಅಪಘಾತವಾದಾಗ ಏನು ಮಾಡಬೇಕು, ಯಾವ ಕಾಗದಪತ್ರ ಇಟ್ಟುಕೊಳ್ಳಬೇಕು, ಇವು ಗಟ್ಟಿಯಾಗಿದ್ದರೆ ಸಾಕು. ನನ್ನ ಹುಡುಗರು ದಂಡದ ಪ್ರಶ್ನೆಯಲ್ಲಿ ತಪ್ಪಿ ಫೇಲಾದದ್ದು ಕಡಿಮೆ. ‘ನಿಲ್ಲಿಸಬಾರದು’, ‘ನಿಲುಗಡೆ ಇಲ್ಲ’ ಎಂಬ ಎರಡು ಫಲಕಗಳನ್ನು ಅದಲುಬದಲು ಮಾಡಿ ಫೇಲಾದವರೇ ಹೆಚ್ಚು.

ಮರಳಿ ಬಂದವ (ಭಟ್ಕಳ)

12 ಪಾಯಿಂಟ್ ಎಂದಿರುವುದು ಸರಿ. ಹದಿನಾಲ್ಕು ವರ್ಷ ದುಬೈನಲ್ಲಿ ಗಾಡಿ ಓಡಿಸಿದವನು ನಾನು, ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಕೆಂಪು ದೀಪ ದಾಟಿದರೆ 1000 ದಿರ್ಹಂ ದಂಡ, ಜೊತೆಗೆ ಒಂದೇ ಏಟಿಗೆ 12 ಕಪ್ಪು ಪಾಯಿಂಟ್. ಸೀಟ್ ಬೆಲ್ಟ್ ಇಲ್ಲದಿದ್ದರೆ 400 ದಿರ್ಹಂ, 4 ಪಾಯಿಂಟ್. ಕೈಯಲ್ಲಿ ಮೊಬೈಲ್ ಇದ್ದರೆ 800 ದಿರ್ಹಂ, 4 ಪಾಯಿಂಟ್. ಇಲ್ಲೂ ಅದನ್ನೇ ತಂದಿದ್ದಾರೆ, 12 ಆದರೆ ಲೈಸೆನ್ಸ್ ಹೋಯಿತು. ಪತ್ರಿಕೆಯಲ್ಲಿ ಓದಿದ ನೆನಪು ಚೆನ್ನಾಗಿದೆ.

ಹಳೆ ಕಡತ (ಶಿರಸಿ)

ಭಟ್ಕಳದವರೇ, ದುಬೈ ಲೆಕ್ಕ ಸರಿ. ಆದರೆ ಅಲ್ಲಿ ಲೈಸೆನ್ಸ್ ಹೋಗುವುದು 24 ಪಾಯಿಂಟ್‌ಗೆ, 12ಕ್ಕೆ ಅಲ್ಲ. ನೀವು ಓದಿದ ಸುದ್ದಿ 2014ರದ್ದಿರಬೇಕು. ಆಗ ಕೇಂದ್ರ ಸರ್ಕಾರ ಹೊಸ ರಸ್ತೆ ಸಾರಿಗೆ ಮತ್ತು ಸುರಕ್ಷತಾ ಮಸೂದೆಯ ಕರಡನ್ನು ಹೊರಡಿಸಿತ್ತು, ಪಾಯಿಂಟ್ ಪದ್ಧತಿ ಅದರಲ್ಲಿತ್ತು. ಆ ಕರಡು ಕಾಯ್ದೆಯಾಗಲಿಲ್ಲ. 2019ರಲ್ಲಿ ಬಂದದ್ದು 1988ರ ಹಳೆಯ ಮೋಟಾರು ವಾಹನ ಕಾಯ್ದೆಗೇ ತಂದ ತಿದ್ದುಪಡಿ. ಅದು ದಂಡ ಏರಿಸಿತು, ಅಮಾನತಿನ ದಾರಿ ಬಿಗಿ ಮಾಡಿತು, ಪಾಯಿಂಟ್ ಮಾತ್ರ ತರಲಿಲ್ಲ. ಆದ್ದರಿಂದ ತಂಗೀ, ಆ 12ರ ಪ್ರಶ್ನೆ ನಿಮ್ಮ ಮೊಬೈಲಿಗೆ ಹೊರದೇಶದಿಂದ ಬಂದಿದೆ. ಹೊನ್ನಾವರದಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಇನ್ನು ನಿಮ್ಮ ಮೂರು ಮೊತ್ತಗಳು. ತಮಾಷೆ ಎಂದರೆ ಮೂರೂ ಸುಳ್ಳಲ್ಲ. ತಿದ್ದುಪಡಿಗೆ ಮೊದಲು ಹೆಲ್ಮೆಟ್‌ಗೆ ಪ್ರತ್ಯೇಕ ಶಿಕ್ಷೆಯ ಕಲಮೇ ಇರಲಿಲ್ಲ. ‘ಬೇರೆಲ್ಲೂ ಶಿಕ್ಷೆ ಹೇಳದ ತಪ್ಪುಗಳು’ ಎಂಬ 177ನೆಯ ಕಲಮಿನಡಿ ಅದು ಬರುತ್ತಿತ್ತು, ಮೊದಲ ಸಲ 100ರವರೆಗೆ. ಪುಸ್ತಕದ 100 ಅದೇ. 2019ರ ಸೆಪ್ಟೆಂಬರ್‌ನಲ್ಲಿ 194ಡಿ ಎಂಬ ಹೊಸ ಕಲಮು ಬಂದು 1000 ದಂಡ ಮತ್ತು ಮೂರು ತಿಂಗಳ ಅನರ್ಹತೆ ಎಂದಿತು. ಮೊಬೈಲಿನ ಉತ್ತರ ಅದೇ. ಆದರೆ ನ್ಯಾಯಾಲಯಕ್ಕೆ ಹೋಗದೆ ಸ್ಥಳದಲ್ಲೇ ಎಷ್ಟು ಕಟ್ಟಿ ರಾಜಿ ಮಾಡಿಕೊಳ್ಳಬಹುದು ಎಂದು ನಿಗದಿ ಮಾಡುವ ಅಧಿಕಾರವನ್ನು 200ನೆಯ ಕಲಮು ರಾಜ್ಯಕ್ಕೆ ಕೊಟ್ಟಿದೆ. ಜನ ಗಲಾಟೆ ಮಾಡಿದ್ದರಿಂದ ಕರ್ನಾಟಕ ಅದೇ ತಿಂಗಳಲ್ಲೇ ಹಲವು ಮೊತ್ತಗಳನ್ನು ಇಳಿಸಿತು, ಹೆಲ್ಮೆಟ್ 500ಕ್ಕೆ ಬಂತು. ಅಣ್ಣನ ರಸೀದಿ ಅದು.

ಪರೀಕ್ಷೆಯಲ್ಲಿ ‘ಕಾಯ್ದೆಯ ಪ್ರಕಾರ’ ಎಂದು ಕೇಳಿದರೆ 1000. ಆಯ್ಕೆಗಳಲ್ಲಿ ‘1000 ರೂಪಾಯಿ ದಂಡ ಮಾತ್ರ’ ಎಂದು ಒಂದು, ‘1000 ದಂಡ ಮತ್ತು ಮೂರು ತಿಂಗಳ ಅನರ್ಹತೆ’ ಎಂದು ಇನ್ನೊಂದು ಇದ್ದರೆ ಎರಡನೆಯದಕ್ಕೇ ಹೋಗಿ. ‘ಮಾತ್ರ’ ಎಂಬ ಪದಕ್ಕೇ ಬಹಳ ಜನ ಬೀಳುವುದು.

ಇನ್‌ಸ್ಪೆಕ್ಟರ್ ಆಗುವಾಸೆ (ಯಲ್ಲಾಪುರ)

ನಾನು ಕೆಪಿಎಸ್‌ಸಿಯ ಮೋಟಾರು ವಾಹನ ನಿರೀಕ್ಷಕ ಹುದ್ದೆಗೆ ಓದುತ್ತಿದ್ದೇನೆ. ಅಲ್ಲಿ ಈ ಜೋಡಿಯನ್ನೇ ನಾವು ಅಭ್ಯಾಸ ಮಾಡುವುದು: ಸೀಟ್ ಬೆಲ್ಟ್ ಮತ್ತು ಹೆಲ್ಮೆಟ್. ಎರಡಕ್ಕೂ 1000. ಸೀಟ್ ಬೆಲ್ಟ್ 194ಬಿ, ಅಲ್ಲಿ ಅನರ್ಹತೆಯ ಮಾತಿಲ್ಲ. ಹೆಲ್ಮೆಟ್ 194ಡಿ, ಮೂರು ಜನ ಒಂದೇ ಬೈಕಿನಲ್ಲಿ ಕೂತರೆ 194ಸಿ, ಈ ಎರಡರಲ್ಲಿ ಮೂರು ತಿಂಗಳಿದೆ. ದ್ವಿಚಕ್ರದವನಿಗೆ ಲೈಸೆನ್ಸ್ ಹೋಗುತ್ತದೆ, ಕಾರಿನವನಿಗೆ ಹೋಗುವುದಿಲ್ಲ ಎಂದು ನೆನಪಿಟ್ಟುಕೊಂಡಿದ್ದೇನೆ. ನ್ಯಾಯವೋ ಅಲ್ಲವೋ, ನೆನಪಿಗೆ ಒಳ್ಳೆಯದು.

ಹಿಂದೆ ಕೂತವರು ಹೆಲ್ಮೆಟ್ ಹಾಕದಿದ್ದರೆ ಯಾರ ಮೇಲೆ ಪ್ರಕರಣ ಎಂಬ ಪ್ರಶ್ನೆಯೂ ಬರಬಹುದು. ‘ಓಡಿಸುವವನು, ಅಥವಾ ಹಾಗೆ ಓಡಿಸಲು ಬಿಡುವವನು’ ಎಂದು ಕಲಮಿನಲ್ಲಿದೆ. ಹೆಂಡತಿಯ ತಲೆ ಬರಿದಾಗಿದ್ದರೆ ಗಂಡನ ಲೈಸೆನ್ಸಿಗೆ ಸಂಚಕಾರ.

ಮೀನು ಟೆಂಪೊ (ಕಾರವಾರ)

ಮೂರು ತಿಂಗಳು, ಮೂರು ತಿಂಗಳು ಎನ್ನುತ್ತಿದ್ದೀರಿ. 500 ಕಟ್ಟಿದ ಮೇಲೆ ಯಾರು ಲೈಸೆನ್ಸ್ ಕೇಳುತ್ತಾರೆ? ಕಟ್ಟಿದರೆ ಮುಗಿಯಿತು. ನನ್ನದೇ ಕಥೆ ಕೇಳಿ. ಬೈತಕೋಲದಲ್ಲಿ ಮೀನು ತುಂಬಿಕೊಂಡು ಹುಬ್ಬಳ್ಳಿಗೆ ಹೋಗುವುದು ನನ್ನ ಕೆಲಸ. 2023ರ ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಅರಬೈಲ್ ಘಟ್ಟ ಹತ್ತಿ ಮೇಲೆ ಬಂದಿದ್ದೆ. ಘಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಮೇಲೆ ಬಂದ ಕೂಡಲೇ ಫೋನು ಬಡಿದುಕೊಂಡಿತು. ಹುಬ್ಬಳ್ಳಿಯ ದಲಾಲಿ, ಬಂಗಡೆ ಎಷ್ಟು ಬುಟ್ಟಿ ಎಂದು ಕೇಳಲು. ‘ಹಲೋ’ ಎನ್ನುವುದರೊಳಗೆ ಎದುರಿಗೆ ಪೊಲೀಸರು. 3000 ಕಟ್ಟಿದೆ. ಐಸು ಕರಗುತ್ತಿತ್ತು, ವಾದ ಮಾಡುತ್ತ ನಿಲ್ಲುವ ಹೊತ್ತೇ? ರಸೀದಿ ಮಡಚಿ ಇಟ್ಟುಕೊಂಡು ಹೊರಟೆ. ಲೈಸೆನ್ಸ್ ಬಗ್ಗೆ ಯಾರೂ ಉಸಿರೆತ್ತಲಿಲ್ಲ.

ಅದಾಗಿ ಒಂದೂವರೆ ವರ್ಷಕ್ಕೆ ಮತ್ತೆ ಸಿಕ್ಕಿಬಿದ್ದೆ, ಬೇರೆ ಊರಿನಲ್ಲಿ. ಈ ಸಲ ಲೈಸೆನ್ಸ್ ಇಟ್ಟುಕೊಂಡು ಒಂದು ಚೀಟಿ ಕೊಟ್ಟರು. ಚೀಟಿ ತೋರಿಸುತ್ತ ಎರಡು ವಾರದಿಂದ ಗಾಡಿ ಓಡಿಸುತ್ತಿದ್ದೇನೆ. ನೋಟಿಸ್ ಬರುತ್ತದೆ ಎಂದಿದ್ದರು, ಇನ್ನೂ ಬಂದಿಲ್ಲ. ಬರದಿದ್ದರೆ ನಾನೇ ಹೋಗಿ ಕೇಳಬೇಕೇ?

ಹಳೆ ಕಡತ (ಶಿರಸಿ)

ಟೆಂಪೊದವರೇ, ಇವತ್ತು ಗಾಡಿ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಿಮ್ಮ ಕೈಯಲ್ಲಿರುವುದು ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದದ್ದಕ್ಕೆ ಸ್ವೀಕೃತಿ, ಓಡಿಸಲು ಅನುಮತಿ ಅಲ್ಲ. ಗೊಂದಲಕ್ಕೆ ಕಾರಣವಿದೆ. ಹಳೆಯ ಪದ್ಧತಿಯಲ್ಲಿ ಲೈಸೆನ್ಸ್ ವಶಕ್ಕೆ ಪಡೆದು ಕೊಟ್ಟ ಚೀಟಿಯನ್ನು ತೋರಿಸಿ, ಲೈಸೆನ್ಸ್ ಮರಳುವವರೆಗೆ ಓಡಿಸಬಹುದಿತ್ತು. ಅದು 206ನೆಯ ಕಲಮಿನ ಮೂರನೆಯ ಉಪಕಲಮು. 2019ರಲ್ಲಿ ಸೇರಿಸಿದ ನಾಲ್ಕನೆಯ ಉಪಕಲಮು ಇದಕ್ಕೆ ತದ್ವಿರುದ್ಧ. ವೇಗ, ಅಪಾಯಕಾರಿ ಚಾಲನೆ, ಕುಡಿತ, ರೇಸು, ಹೆಲ್ಮೆಟ್, ಮೂವರ ಸವಾರಿ, ಆಂಬುಲೆನ್ಸಿಗೆ ದಾರಿ ಬಿಡದಿರುವುದು, ಇಂಥ ಕೆಲವು ತಪ್ಪುಗಳಲ್ಲಿ ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಲೈಸೆನ್ಸ್ ಪ್ರಾಧಿಕಾರಕ್ಕೆ, ಎಂದರೆ ಆರ್‌ಟಿಒಗೆ, ಕಳಿಸಬೇಕು. ಆಗ ಕೊಡುವ ಚೀಟಿ ಓಡಿಸಲು ಅಧಿಕಾರ ಕೊಡುವುದಿಲ್ಲ ಎಂದು ಅಲ್ಲೇ ಬರೆದಿದೆ. ಕೈಯಲ್ಲಿ ಫೋನು ಹಿಡಿಯುವುದು 184ರ ಅಪಾಯಕಾರಿ ಚಾಲನೆಯೊಳಗೆ ಬರುತ್ತದೆ. ಕೆಂಪು ದೀಪ ದಾಟುವುದು, ಎದುರು ದಿಕ್ಕಿನಲ್ಲಿ ಬರುವುದು ಸಹ ಅದರಲ್ಲೇ.

ಈಗ ‘ಕಟ್ಟಿದರೆ ಮುಗಿಯಿತು’ ಎಂಬ ಮಾತು. ಅರ್ಧ ಸರಿ. 200ನೆಯ ಕಲಮಿನ ಪ್ರಕಾರ ರಾಜಿ ದಂಡ ಕಟ್ಟಿದ ಮೇಲೆ ಅದೇ ತಪ್ಪಿಗೆ ನ್ಯಾಯಾಲಯದಲ್ಲಿ ಮುಂದಿನ ಕ್ರಮ ಇಲ್ಲ. ಆದರೆ ತಿದ್ದುಪಡಿ ಅದಕ್ಕೆ ಎರಡು ಬಾಲ ಅಂಟಿಸಿದೆ. ಒಂದು, ರಾಜಿಯಾದ ತಪ್ಪನ್ನೂ ಹಿಂದಿನ ತಪ್ಪು ಎಂದೇ ಎಣಿಸಬೇಕು. ಎರಡು, ರಾಜಿಯಾಯಿತೆಂದು 206ರ ಅಮಾನತು ಪ್ರಕ್ರಿಯೆಯಿಂದ ಬಿಡುಗಡೆ ಇಲ್ಲ. ಅಂದರೆ ರಸೀದಿ ನಿಮ್ಮನ್ನು ನ್ಯಾಯಾಲಯದಿಂದ ಉಳಿಸುತ್ತದೆ, ಆರ್‌ಟಿಒದಿಂದ ಅಲ್ಲ.

ನಿಮ್ಮ ಲೆಕ್ಕಕ್ಕೆ ಹಚ್ಚಿ ನೋಡಿ. ಮೊದಲ ಸಲ ಲಘು ವಾಹನಕ್ಕೆ ಕರ್ನಾಟಕದ ದರ 3000, ಅದನ್ನು ಕಟ್ಟಿದಿರಿ. ದ್ವಿಚಕ್ರವಾಗಿದ್ದರೆ 1500 ಆಗುತ್ತಿತ್ತು. ಆ ರಸೀದಿ ನಿಮ್ಮ ಹೆಸರಿನ ಮುಂದೆ ಒಂದು ಗೀಟು ಎಳೆದು ಕೂತಿತು. ಹಿಂದಿನ ಇಂಥದೇ ತಪ್ಪಿನಿಂದ ಮೂರು ವರ್ಷದೊಳಗೆ ಮತ್ತೆ ಮಾಡಿದರೆ 184ರಲ್ಲಿ ಎರಡನೆಯ ಸಲದ ಶಿಕ್ಷೆ, 10000. ನಿಮ್ಮದು ಒಂದೂವರೆ ವರ್ಷ.

ಮುಂದೆ ಆಗುವುದು ಹೀಗೆ. ಪೊಲೀಸರಿಗೆ ಅಮಾನತು ಮಾಡುವ ಅಧಿಕಾರ ಇಲ್ಲ, ಅವರು ಕಳಿಸುತ್ತಾರೆ ಅಷ್ಟೇ. ಆರ್‌ಟಿಒ ನಿಮಗೆ ನೋಟಿಸ್ ಕೊಟ್ಟು ಹೇಳಿಕೆ ಕೇಳಬೇಕು. ಕೇಳಿದ ಮೇಲೆ ಬಿಟ್ಟುಬಿಡಬಹುದು, ಇಲ್ಲವೇ ಕಾರಣಗಳನ್ನು ವಿವರವಾಗಿ ಬರೆದು ಅನರ್ಹಗೊಳಿಸಬಹುದು. ನೋಟಿಸ್ ಬರುವುದು ಲೈಸೆನ್ಸಿನಲ್ಲಿರುವ ವಿಳಾಸಕ್ಕೆ. ಮನೆ ಬದಲಿಸಿದ್ದರೆ ಕಾಯುತ್ತ ಕೂರಬೇಡಿ, ಚೀಟಿ ಹಿಡಿದು ನೀವೇ ಹೋಗಿ. ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ ಮೂವತ್ತು ದಿನದೊಳಗೆ ಮೇಲ್ಮನವಿ.

ಇನ್ನೊಂದು. ಮೂರು ತಿಂಗಳು ಕಳೆದ ಮರುದಿನ ಲೈಸೆನ್ಸ್ ತಾನಾಗಿ ಮನೆಗೆ ಬರುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿ ಮುಗಿಸಿದ ಮೇಲೆಯೇ ಮರಳಿಸಬೇಕು ಎಂದು 19ನೆಯ ಕಲಮಿಗೆ ಸೇರಿಸಿದ್ದಾರೆ. ಹೋದಾಗ ಅದನ್ನೂ ಕೇಳಿಕೊಂಡು ಬನ್ನಿ.

ಇನ್‌ಸ್ಪೆಕ್ಟರ್ ಆಗುವಾಸೆ (ಯಲ್ಲಾಪುರ)

ಒಂದು ತಿದ್ದುಪಡಿ, ಸರ್. 19ರ ಉಪಕಲಮು 1ಎ ಪ್ರಕಾರ ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಎರಡನೆಯ ಅಥವಾ ಮುಂದಿನ ತಪ್ಪಿಗೆ ಲೈಸೆನ್ಸ್ ರದ್ದು. ಟೆಂಪೊದವರದು ಎರಡನೆಯದು. ಹಾಗಾದರೆ ಅಮಾನತು ಅಲ್ಲ, ರದ್ದೇ ಆಗಬೇಕಲ್ಲವೇ?

ಮೀನು ಟೆಂಪೊ (ಕಾರವಾರ)

ರದ್ದು ಎಂದರೆ? ಹೊಸದಾಗಿ ಎಂಟು ಬರೆಯಬೇಕೇ? ನನಗೆ ನಲವತ್ತೇಳು ವರ್ಷ ಮಾರಾಯರೇ.

ಹಳೆ ಕಡತ (ಶಿರಸಿ)

ಹುಡುಗ ಓದಿದ್ದು ಸರಿಯಾಗಿಯೇ ಇದೆ. ಆದರೆ ಮೊದಲ ಸಲ ಇವರ ಲೈಸೆನ್ಸ್ ಆರ್‌ಟಿಒಗೆ ಹೋಗಿಯೇ ಇಲ್ಲ. ಹಾಗಿರುವಾಗ ಆರ್‌ಟಿಒ ಮುಂದೆ ಇದು ಮೊದಲ ಪ್ರಕರಣವೋ ಎರಡನೆಯದೋ? ರಾಜಿಯಾದದ್ದನ್ನು ಹಿಂದಿನ ತಪ್ಪೆಂದು ಎಣಿಸಬೇಕು ಎಂಬ ಮಾತು ಇರುವುದು 200ರಲ್ಲಿ. ಅದನ್ನು 19ಕ್ಕೂ ಎಳೆದು ತರಬಹುದೆಂದು ಒಬ್ಬರು ವಾದಿಸುತ್ತಾರೆ, ಬಾರದೆಂದು ಇನ್ನೊಬ್ಬರು. ನಾನು ಟೆಂಪೊದವರ ವಕೀಲನಾಗಿದ್ದರೆ ಬಾರದು ಎಂದೇ ಬರೆದುಕೊಡುತ್ತಿದ್ದೆ. ನೀವು ಇನ್‌ಸ್ಪೆಕ್ಟರ್ ಆದಮೇಲೆ ಬೇರೆ ರೀತಿ ಬರೆಯುತ್ತೀರಿ. ಪರೀಕ್ಷೆಯಲ್ಲಿ ಮಾತ್ರ ಎರಡನೆಯ ತಪ್ಪಿಗೆ ರದ್ದು ಎಂದೇ ಬರೆಯಿರಿ, ಅಲ್ಲಿ ವಾದಕ್ಕೆ ಅಂಕ ಇಲ್ಲ.

ಗೇರ್ ಮಾಸ್ತರ (ಕಾರವಾರ)

ಪರೀಕ್ಷೆಯ ಮಾತು ಬಂತೆಂದು ಹೇಳುತ್ತೇನೆ. ‘ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ಯಾರಿಗಿದೆ?’ ಎಂದು ನಾನು ತರಗತಿಯಲ್ಲಿ ಕೇಳಿದರೆ ಇಪ್ಪತ್ತರಲ್ಲಿ ಹದಿನೈದು ಮಕ್ಕಳು ‘ಸಂಚಾರ ಪೊಲೀಸ್’ ಎನ್ನುತ್ತಾರೆ. ಕಣ್ಣಿಗೆ ಕಾಣುವುದು ಪೊಲೀಸರೇ ಅಲ್ಲವೇ. ಉತ್ತರ ಲೈಸೆನ್ಸ್ ಪ್ರಾಧಿಕಾರ. ‘ವಶಪಡಿಸಿಕೊಳ್ಳುವುದು’ ಯಾರು ಎಂದು ಕೇಳಿದರೆ ಆಗ ಪೊಲೀಸ್. ಕ್ರಿಯಾಪದ ನೋಡಿ ಗುರುತು ಹಾಕಿ ಎಂದು ನಾನು ಹೇಳಿಕೊಡುವುದು.

ಆದರೆ ಹಳೆ ಕಡತದವರಲ್ಲಿ ಒಂದು ತಕರಾರು. ಹೆಲ್ಮೆಟ್‌ಗೆ ಮೂರು ತಿಂಗಳು ಲೈಸೆನ್ಸ್ ಹೋದವನನ್ನು ನಾನು ಇಷ್ಟು ವರ್ಷಗಳಲ್ಲಿ ಒಬ್ಬನನ್ನೂ ಕಂಡಿಲ್ಲ. ನಮ್ಮ ಬೀದಿಯಲ್ಲಿ ಅರ್ಧ ಜನ ಹೆಲ್ಮೆಟನ್ನು ಕೈಗೆ ತೂಗುಹಾಕಿಕೊಂಡೇ ಓಡಾಡುತ್ತಾರೆ, ಮೊಣಕೈಗೆ ರಕ್ಷಣೆ ಬೇಕೆಂಬಂತೆ. ಕಾಗದದಲ್ಲಿದ್ದರೆ ಸಾಕೇ?

ಹಳೆ ಕಡತ (ಶಿರಸಿ)

ಕಾಣದಿರುವುದು ನಿಜ ಮಾಸ್ತರರೇ. 500 ತೆಗೆದುಕೊಂಡು ಕಳಿಸುವುದು ಎಲ್ಲರಿಗೂ ಸುಲಭ. ಫೋನು, ಕೆಂಪು ದೀಪ, ಕುಡಿತ, ವೇಗ, ಸರಕು ಗಾಡಿಯಲ್ಲಿ ಜನರನ್ನು ತುಂಬುವುದು, ಅತಿಭಾರ, ಈ ಆರಕ್ಕೆ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು 2015ರಲ್ಲೇ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ರಾಜ್ಯಗಳಿಗೆ ಹೇಳಿತ್ತು. ಹಾಗಾಗಿ ಇವುಗಳಲ್ಲಿ ಅಮಾನತು ಕಣ್ಣಿಗೆ ಬೀಳುತ್ತದೆ. ಹೆಲ್ಮೆಟ್ ವಿಷಯದಲ್ಲಿ ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ.

ಅಂಕೋಲೆಯ ಅಮ್ಮ

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಮಗನಿಗೆ ಹದಿನೇಳು. ಹದಿನಾರಕ್ಕೇ ಗೇರಿಲ್ಲದ ಸ್ಕೂಟರಿಗೆ ಲೈಸೆನ್ಸ್ ಸಿಗುತ್ತದೆ ಎಂದು ಅವನ ಸ್ನೇಹಿತರು ಹೇಳಿದ್ದಾರೆ. ನಮ್ಮದು ಗೇರಿಲ್ಲದ ಸ್ಕೂಟರ್, 110 ಸಿಸಿ. ಟ್ಯೂಷನ್ನಿಗೆ ಅದರಲ್ಲೇ ಹೋಗುತ್ತಾನೆ, ಹೆಲ್ಮೆಟ್ ಹಾಕಿಕೊಂಡೇ ಹೋಗುತ್ತಾನೆ. ಅವನು ಸಿಕ್ಕಿಬಿದ್ದರೆ ಎಷ್ಟು ಪಾಯಿಂಟ್ ಆಗುತ್ತದೆ? ಮುಂದೆ ಕೆಲಸಕ್ಕೆ ತೊಂದರೆಯಾಗುತ್ತದೆಯೇ?

ಗೇರ್ ಮಾಸ್ತರ (ಕಾರವಾರ)

ಅಕ್ಕಾ, ಪಾಯಿಂಟ್ ಇಲ್ಲ ಎಂದು ಈಗಷ್ಟೇ ಮಾತಾಗಿದೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅದಕ್ಕಿಂತ ಕೆಟ್ಟದಾಗಿದೆ. ಹದಿನಾರಕ್ಕೆ ಸಿಗುವುದು 50 ಸಿಸಿ ಮೀರದ ಬೈಕಿಗೆ. ಗೇರ್ ಇದೆಯೋ ಇಲ್ಲವೋ ಎನ್ನುವುದಲ್ಲ, ಸಿಸಿ ಎಷ್ಟು ಎನ್ನುವುದು. ನಿಮ್ಮ 110 ಸಿಸಿ ಸ್ಕೂಟರಿಗೆ ಹದಿನೆಂಟು ತುಂಬಬೇಕು.

ಸಿಕ್ಕಿಬಿದ್ದರೆ ಪ್ರಕರಣ ಮಗನ ಮೇಲಷ್ಟೇ ಅಲ್ಲ, ಪೋಷಕರ ಅಥವಾ ಗಾಡಿಯ ಮಾಲೀಕರ ಮೇಲೆ. 199ಎ ಕಲಮು: 25000 ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ನನಗೆ ಗೊತ್ತಿರಲಿಲ್ಲ’ ಎಂದು ತೋರಿಸುವ ಹೊರೆ ನಿಮ್ಮ ಮೇಲೆಯೇ ಇರುತ್ತದೆ. ಟ್ಯೂಷನ್ನಿಗೆ ಅವನು ಸ್ಕೂಟರಿನಲ್ಲಿ ಹೋಗುತ್ತಾನೆ ಎಂದು ನೀವೇ ಇಲ್ಲಿ ಬರೆದಿದ್ದೀರಿ.

ಅಂಕೋಲೆಯ ಅಮ್ಮ

ಅಯ್ಯೋ. ಸ್ಕೂಟರ್ ನನ್ನ ಹೆಸರಿನಲ್ಲಿದೆ. ಕೀಲಿ ತೆಗೆದಿಟ್ಟೆ.

ದೂರದ ಹೊನ್ನಾವರ

ನಾನು ಹೊನ್ನಾವರದವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿನ ಲಿಖಿತ ಪರೀಕ್ಷೆಗೆ ಓದುತ್ತಿದ್ದೇನೆ: ಐವತ್ತು ಪ್ರಶ್ನೆ, ನಲವತ್ತಮೂರು ಸರಿಯಾಗಬೇಕು. ತಂಗಿಯ ಮೊಬೈಲಿನ 12ರ ಪ್ರಶ್ನೆ ಬಹುಶಃ ಇಲ್ಲಿಂದಲೇ ಹೋದದ್ದು. ಇಲ್ಲಿ ಮೂರು ವರ್ಷದೊಳಗೆ 12 ಪಾಯಿಂಟ್ ಕೂಡಿದರೆ ನ್ಯಾಯಾಲಯ ಲೈಸೆನ್ಸ್ ಕಿತ್ತುಕೊಳ್ಳುತ್ತದೆ. ಆದರೆ ಪರೀಕ್ಷೆಯವರ ಜಾಣತನ ಇನ್ನೊಂದು ಸಂಖ್ಯೆಯಲ್ಲಿದೆ. ಪಾಸಾದ ಮೊದಲ ಎರಡು ವರ್ಷ 6 ಪಾಯಿಂಟ್ ಆದರೆ ಸಾಕು, ಲೈಸೆನ್ಸ್ ರದ್ದು, ಮತ್ತೆ ಕಲಿಯುವವರ ಸಾಲಿಗೆ ಇಳಿದು ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಕೊಡಬೇಕು.

ಫೋನು ಕೈಯಲ್ಲಿ ಹಿಡಿದರೆ ಇಲ್ಲಿ 200 ಪೌಂಡ್ ಮತ್ತು 6 ಪಾಯಿಂಟ್. ಎರಡನ್ನೂ ಜೋಡಿಸಿ: ‘ಒಂದು ವರ್ಷದ ಹಿಂದೆ ಪಾಸಾದ ಚಾಲಕಿ ಫೋನಿನಲ್ಲಿ ಮಾತಾಡುತ್ತ ಸಿಕ್ಕಿಬಿದ್ದರೆ ಏನಾಗುತ್ತದೆ?’ 6 ಪಾಯಿಂಟ್ ಎಂಬುದನ್ನು ಬಾಯಿಪಾಠ ಮಾಡಿದವರು ‘6 ಪಾಯಿಂಟ್’ಗೆ ಗುರುತು ಹಾಕುತ್ತಾರೆ, ಲೆಕ್ಕ ಮಾಡಿದವರು ‘ಲೈಸೆನ್ಸ್ ರದ್ದು’ ಎನ್ನುತ್ತಾರೆ. ಒಂದೇ ಒಂದು ಕರೆಗೆ. ನಾನು ಮೊದಲ ಸಲ ತಪ್ಪಿದ್ದು ಇಂಥ ಪ್ರಶ್ನೆಯಲ್ಲೇ.

ವೇಗ ಮೀರಿದರೆ ಕನಿಷ್ಠ 100 ಪೌಂಡ್ ಮತ್ತು 3 ಪಾಯಿಂಟ್. ಹೊಸಬರಿಗೆ ಅಂಥವು ಎರಡಾದರೆ ಮುಗಿಯಿತು. ಸೀಟ್ ಬೆಲ್ಟಿಗೆ ಮಾತ್ರ ದಂಡ ಅಷ್ಟೇ, ಪಾಯಿಂಟ್ ಇಲ್ಲ. ಯಲ್ಲಾಪುರದ ತಮ್ಮ ಹೇಳಿದ ಸೀಟ್ ಬೆಲ್ಟ್ ಲೆಕ್ಕಕ್ಕೆ ಹತ್ತಿರ ಬಂತು ನೋಡಿ.

ಮರಳಿ ಬಂದವ (ಭಟ್ಕಳ)

24 ಎಂಬುದು ಸರಿ, ಒಪ್ಪಿದೆ. ನನ್ನದೇ ಒಮ್ಮೆ 16ರವರೆಗೆ ಹೋಗಿತ್ತು, ಅದಕ್ಕೇ ಆ 12 ತಲೆಯಲ್ಲಿ ಕೂತಿದೆ. ಕೆಂಪು ದೀಪದ 12, ಆಮೇಲೆ ಫೋನಿನ 4. ಮುಂದೆ ತಿಂಗಳುಗಟ್ಟಲೆ ಕೈ ನಡುಗುತ್ತ ಓಡಿಸಿದೆ. ಅಲ್ಲಿ ಎಷ್ಟು ಉಳಿದಿದೆ ಎಂದು ಗೊತ್ತಿರುತ್ತದೆ. ಇಲ್ಲಿ ಟೆಂಪೊದವರಿಗೆ ತನ್ನ ಮೇಲೆ ಒಂದು ಗೀಟು ಬಿದ್ದದ್ದೇ ಗೊತ್ತಿರಲಿಲ್ಲ. ಹಾಗಾಗಿ ಪಾಯಿಂಟ್ ಬಂದರೆ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ಗೇರ್ ಮಾಸ್ತರ (ಕಾರವಾರ)

ಗಾಡಿ ಒಬ್ಬರ ಹೆಸರಿನಲ್ಲಿ, ಓಡಿಸುವವನು ಇನ್ನೊಬ್ಬ. ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತದೆ. ಪಾಯಿಂಟ್ ಯಾರ ತಲೆಗೆ? ನಮ್ಮೂರಿನಲ್ಲಿ ಒಂದು ಬೈಕನ್ನು ಮನೆಯ ಐದು ಜನ ಓಡಿಸುತ್ತಾರೆ ಭಾವಾ. ಮೊದಲು ಅದು ಬಗೆಹರಿಯಲಿ.

ಮೀನು ಟೆಂಪೊ (ಕಾರವಾರ)

ನಾನು ಡಿಜಿಲಾಕರ್‌ನಲ್ಲಿ ಲೈಸೆನ್ಸ್ ತೋರಿಸಿದ್ದರೆ ಅವರು ಕಿತ್ತುಕೊಳ್ಳುವುದು ಏನನ್ನು? ಮುಂದಿನ ಸಲ ಕಾರ್ಡು ಮನೆಯಲ್ಲೇ ಬಿಡುತ್ತೇನೆ.

ಹಳೆ ಕಡತ (ಶಿರಸಿ)

ಮುಂದಿನ ಸಲವೇ? ಮೊಬೈಲಿನಲ್ಲಿ ತೋರಿಸಿದರೂ ವಶಪಡಿಸಿಕೊಂಡದ್ದನ್ನು, ಅನರ್ಹಗೊಳಿಸಿದ್ದನ್ನು ಸರ್ಕಾರದ ಜಾಲತಾಣದಲ್ಲಿ ದಾಖಲಿಸುತ್ತಾರೆ. 2020ರ ಅಕ್ಟೋಬರ್‌ನಿಂದ ನಿಯಮ ಹಾಗಿದೆ. ಕಾರ್ಡು ಜೇಬಿನಲ್ಲಿದ್ದರೂ ಪ್ರಯೋಜನವಿಲ್ಲ. ಅನರ್ಹತೆ ಇರುವಾಗ ಓಡಿಸಿ ಸಿಕ್ಕಿಬಿದ್ದರೆ 182ನೆಯ ಕಲಮು, 10000 ದಂಡ ಅಥವಾ ಮೂರು ತಿಂಗಳು ಜೈಲು ಅಥವಾ ಎರಡೂ. ಅದಕ್ಕಿಂತ ಹೆದರಬೇಕಾದದ್ದು ಬೇರೆ. ಆ ಅವಧಿಯಲ್ಲಿ ಯಾರಿಗಾದರೂ ಗುದ್ದಿದರೆ, ಚಾಲಕ ಅನರ್ಹನಾಗಿದ್ದ ಎಂಬ ತಕರಾರನ್ನು ಎತ್ತಲು ವಿಮೆ ಕಂಪನಿಗೆ ದಾರಿ ಸಿಗುತ್ತದೆ. ಆಗ ಹೋಗುವುದು ಟೆಂಪೊ ಮಾತ್ರವಲ್ಲ.

ಮೀನು ಟೆಂಪೊ (ಕಾರವಾರ)

ಸರಿ. ಇವತ್ತು ಭಾವನ ಮಗನಿಗೆ ಕೀಲಿ ಕೊಟ್ಟೆ, ಅವನಿಗೆ ಇಪ್ಪತ್ತಾರು, ಲೈಸೆನ್ಸ್ ಇದೆ, ನೋಡಿಯೇ ಕೊಟ್ಟೆ. ನಾಳೆ ಚೀಟಿ ಹಿಡಿದು ಹೋಗುತ್ತೇನೆ. ಚೀಟಿಯ ಮೇಲೆ ಕಲಮು ಬರೆದಿರುವುದು ಓದಲು ಬರುತ್ತಿಲ್ಲ, ಮೀನಿನ ನೀರು ತಾಗಿ ಶಾಯಿ ಹರಡಿದೆ. 184 ಎಂದೂ ಕಾಣುತ್ತದೆ, 194 ಎಂದೂ ಕಾಣುತ್ತದೆ.

ಹಳೆ ಕಡತ (ಶಿರಸಿ)

ಎರಡಕ್ಕೂ ಬಹಳ ಅಂತರ. 194 ಅಂದರೆ ಅತಿಭಾರ, 20000ದಿಂದ ಶುರು. ಹೋದ ಕೂಡಲೇ ಮೊದಲು ಅದನ್ನೇ ಕೇಳಿ, ಬರೆದುಕೊಡಿ ಎನ್ನಿ.

ಅಘನಾಶಿನಿ ದಡದವಳು (ಕುಮಟಾ)

ಪರೀಕ್ಷೆ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಪಾಸಾದೆ. ಹೆಲ್ಮೆಟ್ ದಂಡ ಕೇಳಲೇ ಇಲ್ಲ. ಹಿಂದಿನಿಂದ ಆಂಬುಲೆನ್ಸ್ ಬಂದರೆ ಏನು ಮಾಡಬೇಕು ಎಂದಿತ್ತು, ಕಡಿದಾದ ಏರಿನಲ್ಲಿ ಎದುರುಬದುರಾದರೆ ಯಾರು ದಾರಿ ಬಿಡಬೇಕು ಎಂದಿತ್ತು. ದೇವಿಮನೆ ಘಟ್ಟದಲ್ಲಿ ಬಸ್ಸಿಗೆ ವಾಂತಿ ಮಾಡಿಕೊಳ್ಳುತ್ತ ಬೆಳೆದವಳಿಗೆ ಅದನ್ನು ಓದಬೇಕಾಗಿರಲಿಲ್ಲ. ಲೈಸೆನ್ಸಿನ ಪ್ರಶ್ನೆ ಒಂದೇ ಒಂದು ಬಂತು, ಅಮಾನತು ಯಾರು ಮಾಡುತ್ತಾರೆ ಎಂದು. ಮಾಸ್ತರರ ಕ್ರಿಯಾಪದ ನೆನಪಾಯಿತು.

‘ನಿಲ್ಲಿಸಬಾರದು’ ಫಲಕ ಮಾತ್ರ ತಪ್ಪಿತು ಮಾಸ್ತರರೇ. ಎರಡು ಅಡ್ಡಗೆರೆಯೋ ಒಂದೋ?

ಗೇರ್ ಮಾಸ್ತರ (ಕಾರವಾರ)

ಎರಡಿದ್ದರೆ ನಿಲ್ಲಿಸಲೇಬಾರದು, ಒಂದಿದ್ದರೆ ಪಾರ್ಕ್ ಮಾಡಬಾರದು. ಅಣ್ಣನಿಗೂ ಹೇಳಿ.